ಒಂದು ಪಟ್ಟಿ ಭೂಮಿ, ಒಂದು ನದೀದ್ವೀಪ

ಪ್ರಶ್ನೆ: ಮಾನ್ಯ ಸಂಪಾದಕರೇ, ನಕಾಶೆಯಲ್ಲಿ ನಮೀಬಿಯಾದಿಂದ ಪೂರ್ವಕ್ಕೆ ಬೆರಳು ಚಾಚಿದಂತೆ ಒಂದು ಪಟ್ಟಿಯಿದೆ. ಬರ್ಲಿನ್ ಸಮ್ಮೇಳನದಲ್ಲಿ ಆಫ್ರಿಕಾವನ್ನು ಹಂಚಿಕೊಂಡಾಗ ಹೀಗೆ ಗೆರೆ ಎಳೆದರೇ?
– ಪ್ರೌಢಶಾಲಾ ಶಿಕ್ಷಕಿ, ಶಿರಸಿ

ಉತ್ತರ: ಇಲ್ಲ, ಆದರೆ ಪಠ್ಯಪುಸ್ತಕಗಳೇ ಹಾಗೆ ನಂಬಿಸಿವೆ. 1884ರ ನವೆಂಬರ್‌ನಿಂದ 1885ರ ಫೆಬ್ರವರಿವರೆಗೆ ಬರ್ಲಿನ್‌ನಲ್ಲಿ ಸೇರಿದವರು ಕಾಂಗೋ ಮತ್ತು ನೈಜರ್ ನದಿಗಳ ವ್ಯಾಪಾರವನ್ನು ಚರ್ಚಿಸಿದರು. ಕರಾವಳಿಯಲ್ಲಿ ಹೊಸದಾಗಿ ನೆಲ ಹಿಡಿಯುವವರು ಉಳಿದವರಿಗೆ ತಿಳಿಸಿ, ಅಲ್ಲಿ ಆಡಳಿತವನ್ನೂ ನಡೆಸಬೇಕೆಂದು ಗೊತ್ತುಮಾಡಿದರು. ಅಲ್ಲಿ ಆಫ್ರಿಕಾದ ಒಬ್ಬ ಅರಸನೂ ಇರಲಿಲ್ಲ. ಗಡಿಗಳು ಮಾತ್ರ ಹೆಚ್ಚಾಗಿ ಹುಟ್ಟಿದ್ದು ಆಮೇಲೆ, ಇಬ್ಬಿಬ್ಬರೇ ಕುಳಿತು ಮಾಡಿಕೊಂಡ ಒಪ್ಪಂದಗಳಲ್ಲಿ.

ನೀವು ಕೇಳಿದ ಪಟ್ಟಿ ಅಂಥದ್ದೇ. 1890ರ ಜುಲೈ 1ರಂದು ಬ್ರಿಟನ್ ಮತ್ತು ಜರ್ಮನಿ ಒಂದು ಕೊಡುಕೊಳ್ಳುವಿಕೆ ಮಾಡಿಕೊಂಡವು. ಜರ್ಮನಿಗೆ ಉತ್ತರ ಸಮುದ್ರದ ಪುಟ್ಟ ಹೆಲಿಗೋಲ್ಯಾಂಡ್ ದ್ವೀಪ ಸಿಕ್ಕಿತು. ಬ್ರಿಟನ್ನಿಗೆ ಜಾಂಜಿಬಾರ್‌ನ ಮೇಲಿನ ಹಿಡಿತ. ಇದರ ಜೊತೆಗೆ ಜರ್ಮನಿಗೆ, ಈಗ ನಮೀಬಿಯಾ ಆಗಿರುವ ತನ್ನ ವಸಾಹತಿನಿಂದ ಜಾಂಬೆಜಿ ನದಿಯವರೆಗೆ, ಎಲ್ಲಿಯೂ 20 ಮೈಲಿಗಿಂತ ಕಿರಿದಾಗದ ದಾರಿ. ಆಗಿನ ಜರ್ಮನ್ ಚಾನ್ಸಲರ್ ಹೆಸರಿನಲ್ಲಿ ಅದು ಕಾಪ್ರಿವಿ ಪಟ್ಟಿಯಾಯಿತು. ನದಿಗುಂಟ ಹಿಂದೂ ಮಹಾಸಾಗರ ಮುಟ್ಟುವ ಆಸೆ ಇದರ ಹಿಂದಿತ್ತು ಎನ್ನುತ್ತಾರೆ. ಹಾಗಿದ್ದರೆ ಅದು ತಮಾಷೆಯ ಆಸೆ: ಪಟ್ಟಿಯ ತುದಿ ದಾಟಿ ಸ್ವಲ್ಪ ಕೆಳಗಿಳಿದರೆ ನದಿ ನೂರು ಮೀಟರಿಗೂ ಹೆಚ್ಚು ಆಳಕ್ಕೆ ಧುಮುಕುತ್ತದೆ, ಅದೇ ವಿಕ್ಟೋರಿಯಾ ಜಲಪಾತ!

ಪಟ್ಟಿಯ ದಕ್ಷಿಣ ಗಡಿಯ ಒಂದು ಭಾಗ ಚೋಬೆ ನದಿಯ 'ಮುಖ್ಯ ಕವಲಿನ ಮಧ್ಯ'. ಒಪ್ಪಂದ ಬರೆದವರು ಆ ನದಿಯನ್ನು ಸರಿಯಾಗಿ ನೋಡಿರಲಿಲ್ಲ. ಅದು ಒಂದೆಡೆ ಕವಲೊಡೆದು, ನಡುವೆ ಸುಮಾರು ಮೂರೂವರೆ ಚದರ ಕಿಲೋಮೀಟರಿನ ನಡುಗಡ್ಡೆ ಬಿಟ್ಟಿದೆ. ನಮೀಬಿಯಾದವರಿಗೆ ಅದು ಕಾಸಿಕಿಲಿ, ಬೋಟ್ಸ್ವಾನಾದವರಿಗೆ ಸೆಡುಡು. ಮುಖ್ಯ ಕವಲು ಉತ್ತರದ್ದೋ ದಕ್ಷಿಣದ್ದೋ? ಉತ್ತರದ್ದಾದರೆ ಗಡ್ಡೆ ಬೋಟ್ಸ್ವಾನಾಕ್ಕೆ, ದಕ್ಷಿಣದ್ದಾದರೆ ನಮೀಬಿಯಾಕ್ಕೆ.

ವಸಾಹತು ದೊರೆಗಳು ಹೊರಟುಹೋದ ಮೇಲೂ ಈ ಗೆರೆ ಉಳಿಯಿತು. 1964ರಲ್ಲಿ ಕೈರೋದಲ್ಲಿ ಆಫ್ರಿಕನ್ ಏಕತಾ ಸಂಘಟನೆ, ಸ್ವಾತಂತ್ರ್ಯ ಬಂದಾಗ ಇದ್ದ ಗಡಿಗಳನ್ನೇ ಗೌರವಿಸಬೇಕೆಂದು ನಿರ್ಣಯಿಸಿತ್ತು. ಒಂದು ಗೆರೆ ಅಳಿಸಲು ಹೊರಟರೆ ಎಲ್ಲ ಗೆರೆಗಳೂ ಜಗಳಕ್ಕೆ ಬೀಳುತ್ತವೆ ಎಂಬ ಅಂಜಿಕೆ ಅದರಲ್ಲಿತ್ತು. ನನಗೆ ಅದು ಸಕಾರಣವೆಂದೇ ತೋರುತ್ತದೆ.

ಹಾಗಾಗಿ ಎರಡೂ ದೇಶಗಳು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದಾಗ ವಾದ ನಡೆದದ್ದು 1890ರ ಪದಗಳ ಮೇಲೆಯೇ. ನ್ಯಾಯಾಧೀಶರು ಕವಲುಗಳ ಆಳ, ಅಗಲ, ನೀರಿನ ಹರಿವನ್ನು ಹೋಲಿಸಿ ಉತ್ತರದ್ದೇ ಮುಖ್ಯವೆಂದರು. 1999ರ ಡಿಸೆಂಬರ್‌ನಲ್ಲಿ ಗಡ್ಡೆ ಬೋಟ್ಸ್ವಾನಾದ ಪಾಲಾಯಿತು. ಕಾಪ್ರಿವಿಯ ಮಸುಬಿಯಾ ಜನ, ನೆರೆ ಇಳಿದಾಗಲೆಲ್ಲ ಅಲ್ಲಿ ಬೇಸಾಯ ಮಾಡುತ್ತಿದ್ದರು ಎಂದು ನಮೀಬಿಯಾ ಹೇಳಿತ್ತು. ನ್ಯಾಯಾಲಯ ಅದನ್ನು ಅಲ್ಲಗಳೆಯಲಿಲ್ಲ. ಆದರೆ ಅವರು ಸರ್ಕಾರದ ಪರವಾಗಿ ಉತ್ತಿರಲಿಲ್ಲವಾದ್ದರಿಂದ ಅದು ಒಡೆತನವಾಗದು ಎಂದಿತು. ಎರಡೂ ಕವಲುಗಳಲ್ಲಿ ಎರಡೂ ದೇಶಗಳ ದೋಣಿಗಳಿಗೆ ಮಾತ್ರ ಸಮಾನ ಹಕ್ಕು ಉಳಿಯಿತು.