ಬಸ್ಸಿನ ಯುಎಸ್‌ಬಿ ಪೋರ್ಟ್, ಡೇಟಾ ಬ್ಲಾಕರ್ ಮತ್ತು ಸ್ವಂತ ಚಾರ್ಜರ್

“ಕೃಷಿ ಮೇಳಕ್ಕೆ ಉಡುಪಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗುವವನಿದ್ದೇನೆ. ಸೀಟಿನ ಪಕ್ಕದ ಯುಎಸ್‌ಬಿಯಲ್ಲಿ ಚಾರ್ಜಿಗೆ ಇಟ್ಟರೆ ಮೊಬೈಲಿನಲ್ಲಿರುವುದೆಲ್ಲ ಕಳ್ಳರ ಪಾಲಾಗುತ್ತದಂತೆ, ಹೌದಾ? ಕೇಬಲಿನ ತುದಿಗೆ ಸಿಕ್ಕಿಸಿ ಮಾಹಿತಿ ಹೋಗದಂತೆ ತಡೆಯುವ ಡೇಟಾ ಬ್ಲಾಕರ್ ತೆಗೆದುಕೊಳ್ಳಲಾ, ನನ್ನ ಚಾರ್ಜರೇ ಸಾಕಾ?”

ಭಟ್ರೇ, ಗೋಡೆಯ ಸಾಕೆಟ್ಟು ಇರುವ ಕಡೆ ನಿಮ್ಮ ಚಾರ್ಜರೇ ಮೇಲು. ಆ ಸಾಕೆಟ್ಟಿನಿಂದ ಬರುವುದು ಬರೀ ಕರೆಂಟು, ಮತ್ತು ಅದಕ್ಕೂ ಫೋನಿಗೂ ನಡುವೆ ಇರುವುದು ನಿಮ್ಮದೇ ವಸ್ತು. ಆದರೆ ನೀವು ಕೇಳಿರುವುದು ಬಸ್ಸಿನ ವಿಷಯ. ಹಲವು ಬಸ್ಸುಗಳ ಸೀಟಿನ ಬಳಿ ಯುಎಸ್‌ಬಿ ಕಿಂಡಿ ಮಾತ್ರ ಇರುವುದರಿಂದ ಚಾರ್ಜರ್ ಚೀಲದಲ್ಲೇ ಉಳಿಯುತ್ತದೆ.

ಅಪಾಯ ಇದೆಯೇ ಎಂದರೆ, ತಾಂತ್ರಿಕವಾಗಿ ಇದೆ. ಯುಎಸ್‌ಬಿ ಕಿಂಡಿಯಲ್ಲಿ ಕರೆಂಟಿನ ಜೊತೆ ಮಾಹಿತಿಯೂ ಹರಿಯಬಲ್ಲದು. 2011ರಲ್ಲಿ ಲಾಸ್ ವೇಗಸ್‌ನಲ್ಲಿ ನಡೆದ ಹ್ಯಾಕರುಗಳ ಡೆಫ್‌ಕಾನ್ ಸಮ್ಮೇಳನದಲ್ಲಿ ಎಚ್ಚರಿಕೆ ಮೂಡಿಸಲೆಂದೇ ಇಂಥದೊಂದು ಚಾರ್ಜಿಂಗ್ ಕಟ್ಟೆ ಇಟ್ಟು ತೋರಿಸಿದ್ದರು. 2023ರಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐಯ ಡೆನ್ವರ್ ಕಚೇರಿಯೂ ಸಾರ್ವಜನಿಕ ಪೋರ್ಟು ಬಳಸಬೇಡಿ ಎಂದು ಹೇಳಿತು. ಹಾಗಿದ್ದರೂ ಪ್ರಯಾಣಿಕರೊಬ್ಬರ ದುಡ್ಡು ಹೀಗೆಯೇ ಹೋಯಿತು ಎಂದು ಪುರಾವೆ ಸಮೇತ ಸಾಬೀತಾದ ಪ್ರಕರಣ ನನ್ನ ಗಮನಕ್ಕೆ ಬಂದಿಲ್ಲ. ನಮ್ಮ ಇನ್ನೊಬ್ಬ ಓದುಗರಾದ ಶೆಟ್ರು ಬರೆದ ಅವರ ಭಾವನ ಪ್ರಕರಣದಲ್ಲಿ, ಬಸ್ ನಿಲ್ದಾಣದಲ್ಲಿ ಚಾರ್ಜ್ ಮಾಡಿದ ಮರುದಿನ ಖಾತೆ ಖಾಲಿಯಾದದ್ದು ನಿಜವಿರಬಹುದು. ಆದರೆ ಅದೇ ವಾರ ವಾಟ್ಸಾಪಿನಲ್ಲಿ ಮದುವೆ ಆಮಂತ್ರಣವೆಂದು ಬಂದ ಎಪಿಕೆ ಕಡತವನ್ನು, ಅಂದರೆ ಆ್ಯಪ್ ಹಾಕುವ ಕಡತವನ್ನು, ಭಾವ ತೆರೆದಿದ್ದರೆಂದು ಶೆಟ್ರೇ ಹೇಳಿದ್ದಾರಲ್ಲ, ನನ್ನ ಅನುಮಾನ ಮೊದಲು ಅದರ ಮೇಲೆ.

“ಪರದೆಯ ಮೇಲೆ ಕೇಳಿದಾಗ ಒಪ್ಪಿಗೆ ಕೊಡದಿದ್ದರಾಯಿತು” ಎಂದು ಬರೆದ ನಮ್ಮ ಕಾರ್ಕಳದ ಗೆಳೆಯರ ಮಾತು ಅರ್ಧ ಸರಿ. ಮಾಹಿತಿ ಕೊಡಲೇ ಎಂದು ಫೋನು ಕೇಳುವ ಆ ಪ್ರಶ್ನೆ ಬರುವುದೇ ಕಾವಲಿಗಾಗಿ. ಆದರೆ 2025ರಲ್ಲಿ ಆಸ್ಟ್ರಿಯಾದ ಗ್ರಾಜ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು, ಚಾರ್ಜರಿನ ವೇಷದ ಉಪಕರಣವು ತಾನೇ ಕೀಬೋರ್ಡಿನಂತೆ ನಟಿಸಿ ನಮ್ಮ ಪರವಾಗಿ ಒಪ್ಪಿಗೆಯನ್ನೂ ಒತ್ತಬಲ್ಲದೆಂದು ತೋರಿಸಿದರು. ಆದ್ದರಿಂದ ಹೊರಡುವ ಮುನ್ನ ಫೋನಿನ ಅಪ್‌ಡೇಟ್ ಹಾಕಿಕೊಳ್ಳಿ. ತೋಟದ ಮೋಟಾರಿನ ಆ್ಯಪಿಗೋ ಮತ್ತಾವುದಕ್ಕೋ ಯಾರಾದರೂ `USB debugging` ಎಂಬ, ಕೇಬಲ್ ಮೂಲಕ ಕಂಪ್ಯೂಟರಿಗೆ ಫೋನಿನ ಹಿಡಿತ ಕೊಡುವ ಸೆಟ್ಟಿಂಗನ್ನು ಆನ್ ಮಾಡಿಕೊಟ್ಟಿದ್ದರೆ ಅದನ್ನು ಆಫ್ ಮಾಡಿ, ಮತ್ತು ಚಾರ್ಜಿಗೆ ಇಟ್ಟ ಮೇಲೆ ಪರದೆಯ ಲಾಕ್ ತೆಗೆಯಬೇಡಿ.

ಇನ್ನು ಬ್ಲಾಕರ್. ಹಳೆಯ ಚಪ್ಪಟೆ ಯುಎಸ್‌ಬಿ ತುದಿಯೊಳಗೆ ನೋಡಿದರೆ ನಾಲ್ಕು ಹೊಳೆಯುವ ಪಟ್ಟಿಗಳು ಕಾಣುತ್ತವೆ. ಅಂಚಿನ ಎರಡು ತುಸು ಉದ್ದ, ಅವು ಕರೆಂಟಿಗೆ. ನಡುವಿನ ಗಿಡ್ಡ ಎರಡು ಮಾಹಿತಿಗೆ. ಬ್ಲಾಕರ್ ಮಾಡುವುದಿಷ್ಟೇ, ನಡುವಿನ ಎರಡು ದಾರಿಯನ್ನು ಕಡಿಯುವುದು. ಇದರಿಂದ ಕಳವು ನಿಲ್ಲುತ್ತದೆ ನಿಜ, ಆದರೆ “ಎಷ್ಟು ಕರೆಂಟು ಎಳೆಯಬಹುದು” ಎಂದು ಫೋನು ತಿಳಿದುಕೊಳ್ಳುವುದೂ ಸಾಮಾನ್ಯವಾಗಿ ಅದೇ ದಾರಿಯಲ್ಲಿ. ಬರೀ ಕಡಿದುಬಿಟ್ಟ ಅಗ್ಗದ ಬ್ಲಾಕರ್ ಹಾಕಿದರೆ ಬಹಳಷ್ಟು ಫೋನುಗಳು ಅರ್ಧ ಆಂಪಿಯರ್‌ಗೇ ನಿಲ್ಲುತ್ತವೆ. ಅಂದರೆ 5 ವೋಲ್ಟಿನಲ್ಲಿ ಎರಡೂವರೆ ವ್ಯಾಟ್. ನಿಮ್ಮ ಫೋನಿನದು 5000 ಎಂಎಎಚ್ ಬ್ಯಾಟರಿಯಾದರೆ ಅದು ಸುಮಾರು 19 ವ್ಯಾಟ್‌ಗಂಟೆಯದು; ಬೆಂಗಳೂರು ಮುಟ್ಟುವವರೆಗೂ ಚಾರ್ಜಿಗಿಟ್ಟರೂ ತುಂಬುವುದು ಕಷ್ಟ. ಫೋನಿನ ಕಡೆಯ ಎರಡು ಮಾಹಿತಿ ತಂತಿಗಳನ್ನು ಒಂದಕ್ಕೊಂದು ಜೋಡಿಸಿದ ಬ್ಲಾಕರ್ ಸಿಕ್ಕಿದರೆ ಫೋನು ಅದನ್ನು ಗೋಡೆ ಚಾರ್ಜರೆಂದೇ ತಿಳಿದು ಒಂದೂವರೆ ಆಂಪಿಯರಿನವರೆಗೆ ಎಳೆಯುತ್ತದೆ, ಆದರೆ ಬಸ್ಸಿನ ಪೋರ್ಟಿಗೆ ಅಷ್ಟು ಕೊಡುವ ತಾಕತ್ತಿರಬೇಕು.

ಮಂಗಳೂರಿನ ಅಕ್ಕ ಕೇಳಿದ್ದು ಬೇರೆಯೇ ವಿಷಯ: ಬ್ಲಾಕರ್ ಹಾಕಿದರೆ ಬ್ಯಾಟರಿ ಹಾಳಾಗದೇ ಎಂದು. ಆಗುವುದಿಲ್ಲ ಅಕ್ಕ, ನಿಧಾನವಾಗುವುದಷ್ಟೇ. ಆದರೆ ಬಸ್ಸಿನ ವೈರಿಂಗ್ ಕೆಟ್ಟು ವೋಲ್ಟೇಜು ಏರುಪೇರಾದರೆ ಬ್ಲಾಕರ್ ಅದನ್ನು ತಡೆಯುವುದೂ ಇಲ್ಲ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಹಸಿರುಗಟ್ಟಿದ, ಅಥವಾ ಮುಟ್ಟಿದರೆ ಬಿಸಿಯಾಗಿರುವ ಪೋರ್ಟನ್ನು ಬಿಟ್ಟುಬಿಡುವುದೇ ಲೇಸು.

ಭಟ್ರೇ, ನಿಮ್ಮ ಸಂದರ್ಭಕ್ಕೆ ನಾನಾದರೆ ಬ್ಲಾಕರಿಗಿಂತ ಪವರ್‌ಬ್ಯಾಂಕಿಗೇ ದುಡ್ಡು ಹಾಕುತ್ತೇನೆ. 10000 ಎಂಎಎಚ್ ಎಂದು ಬರೆದಿದ್ದರೂ ಒಳಗಿನ ಸೋರಿಕೆ ಕಳೆದು ಕೈಗೆ ಸಿಗುವುದು ಆರು ಸಾವಿರ ಚಿಲ್ಲರೆ, ಅಂದರೆ ನಿಮ್ಮ ಫೋನು ಒಮ್ಮೆ ತುಂಬಿ ಸ್ವಲ್ಪ ಮಿಗುತ್ತದೆ. ಹೋಗುವ ರಾತ್ರಿಗೂ ಮೇಳದ ಹಗಲಿಗೂ ಅದು ಸಾಲುತ್ತದೆ. ಅದನ್ನು ಮತ್ತೆ ತುಂಬಲು ಉಳಿದುಕೊಳ್ಳುವ ಕೋಣೆಯ ಸಾಕೆಟ್ಟಿಗೆ ನಿಮ್ಮ ಚಾರ್ಜರ್ ಇದ್ದೇ ಇದೆ. ತೀರಾ ಅಗತ್ಯ ಬಿದ್ದರೆ ಬಸ್ಸಿನ ಪೋರ್ಟಿಗೆ ಪವರ್‌ಬ್ಯಾಂಕನ್ನೇ ಸಿಕ್ಕಿಸಿ, ಅಲ್ಲಿ ಕದಿಯಲು ಏನೂ ಇರುವುದಿಲ್ಲ. ಕೇಬಲ್ ಮಾತ್ರ ನಿಮ್ಮದೇ ಇರಲಿ, ಪಕ್ಕದವರದ್ದು ಬೇಡ.

ಬ್ಲಾಕರನ್ನೂ ಕೊಳ್ಳುವುದಾದರೆ ಮನೆಯಲ್ಲೇ ಪರೀಕ್ಷಿಸಿ. ಮಗನ ಲ್ಯಾಪ್‌ಟಾಪಿಗೆ ಮೊದಲು ನೇರವಾಗಿ ಫೋನು ಸಿಕ್ಕಿಸಿ, `File transfer` ಆರಿಸಿ, ಫೋಟೋಗಳು ಕಾಣುತ್ತವೆಯೇ ನೋಡಿ. ಆಮೇಲೆ ಅದೇ ಕೇಬಲಿಗೆ ಬ್ಲಾಕರ್ ಸೇರಿಸಿ. ಚಾರ್ಜ್ ಆಗುತ್ತಿದ್ದು ಲ್ಯಾಪ್‌ಟಾಪಿಗೆ ಫೋನಿನ ಸುಳಿವೇ ಸಿಗದಿದ್ದರೆ ಅದು ಕೆಲಸ ಮಾಡುತ್ತಿದೆ. ಫೋಟೋಗಳು ಮತ್ತೆ ಕಂಡರೆ ಅಂಗಡಿಗೆ ಹಿಂತಿರುಗಿಸಿ.