638 ಮನೆ ಯಾಕೆ ಸಾಲದು

"ಸರ್, ಹಳ್ಳಿ ಸಮೀಕ್ಷೆಯ ಬಗ್ಗೆ ಲೇಖನ ಕಳಿಸಿದ್ದೇನೆ. ಮೂರು ಪ್ರಶ್ನೆಗೆ ಮೂರು ಸ್ಯಾಂಪಲ್ ಸಂಖ್ಯೆ ಬಂತು. ನಲ್ಲಿ ನೀರು ಬರುತ್ತಾ ಅನ್ನೋದಕ್ಕೆ 385, ದಿನಕ್ಕೆ ಎಷ್ಟು ಲೀಟರ್ ಹಾಲು ಅನ್ನೋದಕ್ಕೆ 246, ಹಸುವಿಗೆ ವಿಮೆ ಇದೆಯಾ ಅನ್ನೋದಕ್ಕೆ 1283. ಸರಾಸರಿ ತೆಗೆದು 638 ಮನೆ ಸಾಕು ಅಂತ ಬರೆದಿದ್ದೇನೆ. ಪ್ರಕಟಿಸುತ್ತೀರಾ?"

ಹೀಗೇ ಹಾಕಲು ಆಗುವುದಿಲ್ಲ. ನಿಮ್ಮ ಬರವಣಿಗೆ ಚೆನ್ನಾಗಿದೆ, ಲೆಕ್ಕ ಕೈಕೊಟ್ಟಿದೆ.

ನೀವೇ ಬರೆದಂತೆ ಹಸು ಸಾಕುವವರು ನೂರಕ್ಕೆ 30 ಮನೆ. 638 ಮನೆಗೆ ಹೋದರೆ ಹಸು ಸಿಗುವುದು ಸುಮಾರು 191 ಮನೆಯಲ್ಲಿ. ವಿಮೆಯ ಉತ್ತರ ಶೇ. 5ರಷ್ಟು ಮಾತ್ರ ಆಚೀಚೆ ಆಗಬೇಕು ಅಂತ ಹೊರಟಿದ್ದಿರಿ, ಅದು ಶೇ. 7ಕ್ಕೆ ಹೋಗುತ್ತದೆ. ಅತ್ತ ನಲ್ಲಿ ನೀರಿಗೆ ಬೇಕಾದ್ದಕ್ಕಿಂತ 253 ಮನೆ ಜಾಸ್ತಿ. ಒಬ್ಬರಿಗೆ ಉಳಿದ ಅನ್ನ ಇನ್ನೊಬ್ಬರ ಹಸಿವು ಕಳೆಯುವುದಿಲ್ಲ ಅಲ್ವಾ?

ಇನ್ನೊಂದು ತಪ್ಪು ನಿಮ್ಮ ಕಣ್ಣಿಗೇ ಬಿದ್ದಿಲ್ಲ. ಹಾಲಿನ ಪ್ರಶ್ನೆ ಕೇಳುವುದೂ ಹಸು ಇರುವ ಮನೆಯಲ್ಲೇ. ಅಂದರೆ ಆ 246 ಹಸು ಇರುವ ಮನೆಗಳು. ಅಷ್ಟು ಸಿಗಬೇಕಾದರೆ ತಟ್ಟಬೇಕಾದ ಬಾಗಿಲು 820. ವಿಮೆಗೆ ಹಸು ಇರುವ 385 ಮನೆ ಸಿಗಲಿ ಅಂತ 1283 ಬಾಗಿಲು ಲೆಕ್ಕ ಹಾಕಿದ್ದೀರಿ, ಹಾಲಿಗೆ ಮರೆತಿದ್ದೀರಿ.

ಹಾಗಾದರೆ ಸರಿಯಾದ ಸಂಖ್ಯೆಗಳು 385, 820, 1283. ಮುಖ್ಯ ಪ್ರಶ್ನೆಗಳಲ್ಲಿ ಯಾವುದಕ್ಕೆ ದೊಡ್ಡ ಸಂಖ್ಯೆ ಬೇಕೋ ಅದನ್ನೇ ಇಡೀ ಪ್ರಶ್ನಾವಳಿಗೆ ಹಿಡಿಯಬೇಕು. ಆದರೆ ನಿಮ್ಮ ಕೈಯಲ್ಲಿರುವ ದುಡ್ಡು 900 ಮನೆಗೆ ಅಂತ ಬೇರೆ ಬರೆದಿದ್ದೀರಿ. ಆಗ ದೊಡ್ಡ ಸಂಖ್ಯೆ ಕೇಳುತ್ತಿರುವ ಪ್ರಶ್ನೆಯೊಂದನ್ನೇ ಹಿಡಿದು ಮಾತಾಡಿ. ವಿಮೆಗೆ ಶೇ. 5ರ ಬದಲು ಶೇ. 6 ಒಪ್ಪಿಕೊಂಡರೆ ಹಸು ಇರುವ 267 ಮನೆ ಸಾಕು. ಒಟ್ಟು 890 ಮನೆ. ಹಾಲಿನ 820 ಅದರೊಳಗೇ ಬಂತು, ನೀರಿನದೂ ಬಂತು. ಒಂದೇ ಪ್ರಶ್ನೆಯನ್ನು ಸ್ವಲ್ಪ ಸಡಿಲ ಮಾಡಿದ್ದಕ್ಕೆ 393 ಮನೆ ಉಳಿಯಿತು. ಲೇಖನದ ಜೀವ ಇರುವುದು ಇಲ್ಲಿ. ನೀವು ಸುಮ್ನೆ ಸೂತ್ರ ಬಿಡಿಸುತ್ತಾ ಎರಡು ಪುಟ ಕಳೆದಿದ್ದೀರಿ.

ಹಾಲಿನ ಡೇರಿಯ ಸದಸ್ಯರ ಪಟ್ಟಿಯಿಂದ ಹಸು ಮನೆಗಳನ್ನು ಆರಿಸಬಹುದು ಅಂತ ಕೊನೆಗೆ ಬರೆದಿದ್ದೀರಿ. ಬೇಡ. ಹಾಲನ್ನು ಮನೆಗೇ ಇಟ್ಟುಕೊಳ್ಳುವವರು, ಹೋಟೆಲಿಗೆ ಹಾಕುವವರು ಆ ಪಟ್ಟಿಯಲ್ಲಿ ಇರುವುದಿಲ್ಲ. ವಿಮೆ ಇಲ್ಲದವರು ಅವರಲ್ಲೇ ಜಾಸ್ತಿ ಇರಬಹುದು.

ಇದೆಲ್ಲ ಇಡೀ ತಾಲ್ಲೂಕಿನಿಂದ ಚೀಟಿ ಎತ್ತಿದ ಹಾಗೆ ಮನೆ ಆರಿಸಿದರೆ ಮಾತ್ರ. ನಾಲ್ಕೇ ಊರಿಗೆ ಹೋಗಿ ಬೀದಿಪೂರ್ತಿ ಕೇಳಿದರೆ 890 ಸಾಲದು. ಒಂದೂರಲ್ಲಿ ವಿಮೆ ಮಾಡಿಸುವವರು ಬಂದು ಹೋಗಿದ್ದರೆ ಇಡೀ ಬೀದಿಯ ಉತ್ತರ ಒಂದೇ ಆಗಿರುತ್ತದೆ.

ಕೊನೆಗೆ ಆ 30. ಎಲ್ಲಿಂದ ತಂದಿರಿ? ನಿಜದಲ್ಲಿ 22 ಆಗಿದ್ದರೆ 890 ಮನೆಯಲ್ಲಿ ಸಿಗುವುದು 196 ಹಸು ಮನೆ, ಮತ್ತೆ ಶೇ. 7ಕ್ಕೇ ಬಂದು ನಿಂತಿರಿ. ಮೊದಲು ನೂರು ಮನೆಯಲ್ಲಿ ಹಸು ಇದೆಯಾ ಅಂತಷ್ಟೇ ಕೇಳಿಕೊಂಡು ಬನ್ನಿ. ಆ ಸಂಖ್ಯೆ ಹಾಕಿ ಲೇಖನ ತಿದ್ದಿ ಕಳಿಸಿ, ಓದುತ್ತೇನೆ.