ಡೆಪ್ರಿಸಿಯೇಷನ್ ತೆಗೆದರೆ ಲಾಭ, ಆದರೆ ಕೈಯಲ್ಲಿ ದುಡ್ಡಿಲ್ಲ: ಕ್ಯಾಶ್ ಬ್ರೇಕ್ ಈವನ್ ಲೆಕ್ಕ

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಪ್ಯಾಕೆಟ್ ಚಪಾತಿ ಮಾಡುವ ಸಣ್ಣ ಯೂನಿಟ್ ಇದೆ. ಅಂಗಡಿಗೆ ಪ್ಯಾಕೆಟ್‌ಗೆ 40 ರೂಪಾಯಿ, ಹಿಟ್ಟು, ಎಣ್ಣೆ, ಕವರ್, ಗ್ಯಾಸ್, ಡೆಲಿವರಿ ಎಲ್ಲ ಸೇರಿ 28 ಖರ್ಚು. ತಿಂಗಳ ಖರ್ಚು: ಬಾಡಿಗೆ 14,000, ಸಂಬಳ 34,000, ಬಡ್ಡಿ 7,000, ಇತರೆ 5,000, ಡೆಪ್ರಿಸಿಯೇಷನ್ 15,000. ಮನೆ ಖರ್ಚು ಹೆಂಡತಿ ಸಂಬಳದಲ್ಲಿ ನಡೆಯುತ್ತದೆ. ತಿಂಗಳಿಗೆ 5,500 ಪ್ಯಾಕೆಟ್ ಹೋಗುತ್ತೆ. 6,250 ಹೋದರೆ ಮಾತ್ರ ಬ್ರೇಕ್ ಈವನ್, ಅಂದರೆ ಲಾಭವೂ ಇಲ್ಲ ನಷ್ಟವೂ ಇಲ್ಲ, ಅಂತ ಆಡಿಟರ್ ಹೇಳ್ತಾರೆ. ಡೆಪ್ರಿಸಿಯೇಷನ್ ತೆಗೆದು ನೋಡು, 5,000 ಸಾಕು, ನೀನು ಲಾಭದಲ್ಲಿದ್ದೀಯ ಅಂತಾನೆ ಗೆಳೆಯ. ಹಾಗಿದ್ದರೆ ತಿಂಗಳ ಕೊನೆಗೆ ಕೈ ಯಾಕೆ ಖಾಲಿ?

ಉತ್ತರ:

ಆಡಿಟರ್ ಲೆಕ್ಕ ಸರಿ ಇದೆ. ಗೆಳೆಯನ ಲೆಕ್ಕವೂ ಸರಿ ಇದೆ. ಆದರೆ ಸಾಲದ ಅಸಲು ಇಬ್ಬರ ಲೆಕ್ಕದಲ್ಲೂ ಇಲ್ಲ. ನಿಮ್ಮ ಕೈ ಖಾಲಿಯಾಗುತ್ತಿರುವುದು ಅಲ್ಲಿಯೇ.

ನಾನು ಹಾವೇರಿ ಜಿಲ್ಲೆಯಲ್ಲಿ ಒಂಬತ್ತು ವರ್ಷ ಖಾರದಪುಡಿ ಮಿಲ್ ನಡೆಸಿದ್ದೇನೆ. ಈಗ ಸಣ್ಣ ಯೂನಿಟ್‌ಗಳ ಲೆಕ್ಕ ಬರೆಯುತ್ತೇನೆ. ಇದೇ ಗೊಂದಲದಲ್ಲಿ ನಾನೂ ಎರಡು ವರ್ಷ ಇದ್ದೆ, ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಸವಕಳಿ, ಅಂದರೆ ಡೆಪ್ರಿಸಿಯೇಷನ್. ನಿಮ್ಮ ಮಷೀನಿನ ಬೆಲೆ 12 ಲಕ್ಷ ಇರಬೇಕು ಅಂತ ನನ್ನ ಅಂದಾಜು. ಯಾಕೆಂದರೆ ಆದಾಯ ತೆರಿಗೆ ಲೆಕ್ಕದಲ್ಲಿ ಸಾಮಾನ್ಯ ಯಂತ್ರಗಳಿಗೆ ವರ್ಷಕ್ಕೆ ಶೇಕಡಾ 15 ಸವಕಳಿ. 12 ಲಕ್ಷಕ್ಕೆ 1,80,000 ಆಗುತ್ತೆ, ತಿಂಗಳಿಗೆ ಹಂಚಿದರೆ ಸರಿಯಾಗಿ 15,000. ಈ ಹದಿನೈದು ಸಾವಿರವನ್ನು ನೀವು ಪ್ರತಿ ತಿಂಗಳು ಯಾರಿಗೂ ಕೊಡುವುದಿಲ್ಲ. ಮಷೀನ್ ಕೊಂಡ ದಿನವೇ ದುಡ್ಡು ಹೋಗಿದೆ, ಪುಸ್ತಕದಲ್ಲಿ ಅದನ್ನು ವರ್ಷಗಳ ಮೇಲೆ ಹಂಚಿ ಬರೆಯುತ್ತಾರೆ ಅಷ್ಟೇ. ಹಾಗಾಗಿ ಈ ತಿಂಗಳು ಬಾಡಿಗೆ ಕಟ್ಟೋಕೆ ಆಗುತ್ತಾ, ಸಂಬಳ ಕೊಡೋಕೆ ಆಗುತ್ತಾ ಅನ್ನುವ ಪ್ರಶ್ನೆಗೆ ಸವಕಳಿ ಬೇಕಾಗಿಲ್ಲ. ಅದನ್ನು ಬಿಟ್ಟರೆ 60,000 ಉಳಿಯಿತು. ಪ್ಯಾಕೆಟ್‌ಗೆ 12 ರೂಪಾಯಿ ಉಳಿಯುತ್ತೆ, ಅದರಿಂದ ಭಾಗಿಸಿದರೆ 5,000. ಗೆಳೆಯ ಹೇಳಿದ್ದು ಇದನ್ನೇ.

ಒಂದು ವಿಷಯ ಗಮನಿಸಿ. ಶೇಕಡಾ 15 ಅನ್ನುವುದು ಪ್ರತಿ ವರ್ಷ ಉಳಿದ ಬೆಲೆಯ ಮೇಲೆ. ಎರಡನೇ ವರ್ಷ 10,20,000ಕ್ಕೆ 1,53,000, ಅಂದರೆ ತಿಂಗಳಿಗೆ 12,750. ಉಳಿದ ಖರ್ಚು ಹಾಗೇ ಇದ್ದರೂ ಪುಸ್ತಕದ ಬ್ರೇಕ್ ಈವನ್ 6,250ರಿಂದ 6,063ಕ್ಕೆ ಇಳಿಯುತ್ತದೆ. ಒಂದು ಚಪಾತಿ ಜಾಸ್ತಿ ಮಾರಿಲ್ಲ, ಗಲ್ಲಾಪೆಟ್ಟಿಗೆಗೆ ಒಂದು ರೂಪಾಯಿ ಜಾಸ್ತಿ ಬಂದಿಲ್ಲ. ದುಡ್ಡು ಬಿಗಿಯಾಗಿರುವಾಗ ಆ ಸಂಖ್ಯೆ ಹಿಡಿದುಕೊಂಡು ದಿನದ ನಿರ್ಧಾರ ಮಾಡಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಈಗ ಸಾಲಕ್ಕೆ ಬರೋಣ. ತಿಂಗಳಿಗೆ ಬಡ್ಡಿ 7,000 ಅಂದರೆ ಶೇಕಡಾ 12ರ ದರದಲ್ಲಿ 7 ಲಕ್ಷ ಸಾಲ ಅಂತ ಇಟ್ಟುಕೊಳ್ಳುತ್ತೇನೆ, ಅವಧಿ 5 ವರ್ಷ. ನಿಮ್ಮದು ಬೇರೆ ಇದ್ದರೆ ಬ್ಯಾಂಕಿನ ಕಂತಿನ ಪಟ್ಟಿ ನೋಡಿ ಬದಲಿಸಿಕೊಳ್ಳಿ. ಈ ಸಾಲಕ್ಕೆ ಕಂತು ತಿಂಗಳಿಗೆ 15,571. ಅದರಲ್ಲಿ ಮೊದಲ ತಿಂಗಳು 7,000 ಬಡ್ಡಿ, ಉಳಿದ 8,571 ಅಸಲು. ಬಡ್ಡಿಯನ್ನು ಮಾತ್ರ ಖರ್ಚು ಅಂತ ಬರೆಯುತ್ತಾರೆ. ಅಸಲು ಖರ್ಚಲ್ಲ, ಸಾಲ ತೀರಿಸಿದ್ದು, ಹಾಗಾಗಿ ಲಾಭ ನಷ್ಟದ ಪಟ್ಟಿಯಲ್ಲಿ ಅದು ಕಾಣುವುದೇ ಇಲ್ಲ. ಆದರೆ ಬ್ಯಾಂಕು ನಿಮ್ಮ ಖಾತೆಯಿಂದ ಎಳೆದುಕೊಳ್ಳುವುದು ಪೂರ್ತಿ 15,571 ಅಲ್ವಾ?

ಹಾಗಾಗಿ ಸವಕಳಿ ತೆಗೆದ ಕೈಯಲ್ಲೇ ಅಸಲನ್ನು ಸೇರಿಸಬೇಕು:

ದುಡ್ಡಿನ ಬ್ರೇಕ್ ಈವನ್ = (ತಿಂಗಳ ಸ್ಥಿರ ಖರ್ಚು − ಸವಕಳಿ + ಸಾಲದ ಅಸಲು) ÷ ಪ್ಯಾಕೆಟ್‌ಗೆ ಉಳಿಯುವ ಹಣ

ನಿಮ್ಮ ಲೆಕ್ಕದಲ್ಲಿ 75,000ರಿಂದ 15,000 ಕಳೆದು 8,571 ಸೇರಿಸಿದರೆ 68,571. 12ರಿಂದ ಭಾಗಿಸಿದರೆ 5,715 ಪ್ಯಾಕೆಟ್. ನೀವು ಮಾರುತ್ತಿರುವುದು 5,500. ಅದರಿಂದ ಬರುವುದು 66,000, ಹೋಗುವುದು 68,571. ಪ್ರತಿ ತಿಂಗಳು 2,571 ರೂಪಾಯಿ ಕಡಿಮೆ. ಪುಸ್ತಕದ ಪ್ರಕಾರ ನಿಮಗೆ 9,000 ನಷ್ಟ, ಗೆಳೆಯನ ಪ್ರಕಾರ 6,000 ಮಿಗಬೇಕು, ಜೇಬಿನ ಪ್ರಕಾರ 2,571 ಕೊರತೆ. ಮೂರೂ ಒಂದೇ ಅಂಗಡಿಯ ಲೆಕ್ಕ. ಮನೆ ಖರ್ಚನ್ನೂ ಇಲ್ಲಿಂದಲೇ ತೆಗೆಯುತ್ತಿದ್ದರೆ ಅದೂ ಅಸಲಿನ ಪಕ್ಕ ಸೇರಬೇಕಿತ್ತು. ಒಬ್ಬರೇ ಮಾಲೀಕರಾದರೆ ಅದೂ ಪುಸ್ತಕದಲ್ಲಿ ಖರ್ಚು ಅಂತ ಬರುವುದಿಲ್ಲ.

ಕೊರತೆ 215 ಪ್ಯಾಕೆಟ್‌ನದ್ದು. ದಿನಕ್ಕೆ ಏಳೆಂಟು. ಮುಚ್ಚುವ ಮಾತು ಬೇಡ, ಈ ಸಣ್ಣ ಸಂದು ಮುಚ್ಚುವುದು ಹೇಗೆ ಅಂತ ನೋಡಿ.

ಒಂದು ದಾರಿ ಸಾಲದ ಅವಧಿ. ಇದೇ 7 ಲಕ್ಷಕ್ಕೆ 7 ವರ್ಷ ಸಿಕ್ಕರೆ ಕಂತು 12,357 ಆಗುತ್ತೆ, ಅಸಲು 5,357. ಆಗ ಬೇಕಾಗುವುದು 5,447 ಪ್ಯಾಕೆಟ್, ಅಂದರೆ ಈಗಿನ ಮಾರಾಟದಲ್ಲೇ ನೀವು ದಡದಲ್ಲಿ. ಆಡಿಟರ್ ಹೇಳಿದ 6,250 ಮಾತ್ರ ಹಾಗೇ ಇರುತ್ತದೆ, ಯಾಕೆಂದರೆ ಅದಕ್ಕೆ ಕಂತಿನ ಸಂಬಂಧವೇ ಇಲ್ಲ. ಬೆಲೆ ಏನು ಅಂದರೆ, ಏಳು ವರ್ಷಕ್ಕೆ ಸುಮಾರು 1,04,000 ಬಡ್ಡಿ ಜಾಸ್ತಿ ಕಟ್ಟುತ್ತೀರಿ. ನಡುವೆ ಅವಧಿ ಬದಲಿಸಿದರೆ ಬ್ಯಾಂಕು ಅದನ್ನು ರೀಸ್ಟ್ರಕ್ಚರಿಂಗ್ ಅಂತ ದಾಖಲಿಸಬಹುದು, ಕ್ರೆಡಿಟ್ ರಿಪೋರ್ಟಿನಲ್ಲೂ ಅದು ಕಾಣಬಹುದು. ಸಹಿ ಹಾಕುವ ಮೊದಲು ಅದನ್ನು ಬಾಯಿಬಿಟ್ಟು ಕೇಳಿ. ಹೋಗುವುದಾದರೆ ಒಂದು ಕಂತೂ ತಪ್ಪುವ ಮೊದಲೇ ಹೋಗಿ. ಬಾಕಿ 90 ದಿನ ದಾಟಿದರೆ ಬ್ಯಾಂಕಿನ ಲೆಕ್ಕದಲ್ಲಿ ಸಾಲ ಎನ್‌ಪಿಎ, ಅಂದರೆ ಕೆಟ್ಟ ಸಾಲ, ಆಗುತ್ತದೆ, ಆಮೇಲೆ ಮ್ಯಾನೇಜರ್‌ಗೆ ಮನಸ್ಸಿದ್ದರೂ ಕೈ ಕಟ್ಟಿರುತ್ತದೆ.

ಇನ್ನೊಂದು ದಾರಿ ಸಗಟು ಆರ್ಡರ್. ಯಾವುದೋ ಹಾಸ್ಟೆಲ್‌ನವರು ತಿಂಗಳಿಗೆ 500 ಪ್ಯಾಕೆಟ್ ತೆಗೆದುಕೊಳ್ಳುತ್ತೇವೆ, 34 ರೂಪಾಯಿಗೆ ಕೊಡಿ ಅಂದರು ಅಂತಿಟ್ಟುಕೊಳ್ಳಿ. 75,000ವನ್ನು 5,500ಕ್ಕೆ ಹಂಚಿ 28 ಸೇರಿಸಿದರೆ ಒಂದು ಪ್ಯಾಕೆಟ್‌ಗೆ ಸುಮಾರು 41 ರೂಪಾಯಿ 64 ಪೈಸೆ ಬೀಳುತ್ತೆ, 34ಕ್ಕೆ ಕೊಟ್ಟರೆ ನಷ್ಟ ಅನ್ನಿಸುತ್ತದೆ. ನಾನೂ ಹೀಗೆ ಲೆಕ್ಕ ಹಾಕಿ ಒಳ್ಳೆ ಆರ್ಡರ್‌ಗಳನ್ನು ವಾಪಸ್ ಕಳಿಸಿದ್ದೇನೆ, ಈಗಲೂ ನೆನೆದರೆ ಬೇಜಾರಾಗುತ್ತದೆ. ಆದರೆ ಬಾಡಿಗೆ, ಸಂಬಳ, ಕಂತು ಈ 500 ಪ್ಯಾಕೆಟ್‌ನಿಂದ ಹೆಚ್ಚಾಗುವುದಿಲ್ಲ. ಮಷೀನಿಗೆ ಬಿಡುವಿದೆ. ಪ್ಯಾಕೆಟ್‌ಗೆ 6 ರೂಪಾಯಿಯಂತೆ 3,000 ಕೈಗೆ ಬರುತ್ತೆ, ನಿಮ್ಮ 2,571 ತುಂಬುತ್ತೆ. ಷರತ್ತು ಎರಡೇ. ಅವರು ಆಗಿಂದಾಗ ದುಡ್ಡು ಕೊಡಬೇಕು. ಮತ್ತೆ ಈ ದರ ಅಂಗಡಿಯವರ ಕಿವಿಗೆ ಬಿದ್ದು ಅವರೂ 34 ಕೇಳುವ ಹಾಗೆ ಆಗಬಾರದು. ಎಲ್ಲರಿಗೂ 34 ಮಾಡಿದರೆ ತಿಂಗಳಿಗೆ 11,000 ಪ್ಯಾಕೆಟ್ ಮಾರಿದರೂ ಸಾಲುವುದಿಲ್ಲ.

ಈ ಲೆಕ್ಕದಲ್ಲಿ ಕಾಣದ ಒಂದು ಹಳ್ಳ ಇದೆ, ಅದು ಉದ್ರಿ. ಮೇಲಿನ ಸೂತ್ರ ಮಾರಿದ ಕ್ಷಣವೇ ದುಡ್ಡು ಬಂತು ಅಂತ ಅಂದುಕೊಳ್ಳುತ್ತದೆ. ನೀವು 5,715 ದಾಟಬೇಕು ಅಂತ ಹಟ ಹಿಡಿದು ಹೊಸ ಅಂಗಡಿಗಳನ್ನು ಹುಡುಕಿ 1,000 ಪ್ಯಾಕೆಟ್ ಜಾಸ್ತಿ ಹಾಕಿದಿರಿ, ಅದರಲ್ಲಿ ಅರ್ಧದಷ್ಟು ಒಂದು ತಿಂಗಳ ಉದ್ರಿ ಅನ್ನಿ. ಹಿಟ್ಟು, ಎಣ್ಣೆ, ಗ್ಯಾಸಿಗೆ 28,000 ಈಗಲೇ ಹೋಯಿತು. ಬಂದದ್ದು 20,000. ಬ್ರೇಕ್ ಈವನ್ ದಾಟಿದ ತಿಂಗಳೇ ಕೈಯಿಂದ 8,000 ಜಾಸ್ತಿ ಹೋಗಿದೆ! ಮುಂದಿನ ತಿಂಗಳಿಂದ ಸರಿಹೋಗುತ್ತದೆ, ಅದು ನಿಜ, ಆದರೆ ಆ ಒಂದು ತಿಂಗಳು ದಾಟಲು 8,000 ಇರಬೇಕಲ್ಲ. ಅದಕ್ಕೆ ಹೊಸ ಅಂಗಡಿಯವರಿಗೆ ಮೊದಲ ದಿನವೇ ಹೇಳಿಬಿಡಿ: ಹಳೆ ಬಿಲ್ ತೀರಿಸಿದ ಮೇಲೆ ಹೊಸ ಮಾಲು. ಚಪಾತಿ ದಿನಬಳಕೆ ಸಾಮಾನು, ಅಂಗಡಿಯವರಿಗೂ ಎರಡು ಮೂರು ದಿನದಲ್ಲಿ ದುಡ್ಡು ಬಂದಿರುತ್ತದೆ.

ಸವಕಳಿ ಬಿಟ್ಟುಬಿಡಿ ಅಂದೆ, ಆದರೆ ಅದು ಸುಳ್ಳು ಖರ್ಚು ಅಂತ ತಿಳಿಯಬೇಡಿ. ಇದನ್ನು ನಾನು ಕಷ್ಟಪಟ್ಟು ಕಲಿತೆ. ನನ್ನ ಮಿಲ್ಲಿನ ಐದನೇ ವರ್ಷ ಫೆಬ್ರವರಿಯಲ್ಲಿ, ಹೊಸ ಮೆಣಸಿನಕಾಯಿ ಬಂದು ಕೆಲಸ ತುಂಬಿರುವಾಗ, ಪಲ್ವರೈಸರ್‌ನ ಮೋಟಾರ್ ಸುಟ್ಟುಹೋಯಿತು. ಹೊಸದಕ್ಕೆ 38,000 ಬೇಕಿತ್ತು. ಐದು ವರ್ಷ ಸವಕಳಿ ಬಿಟ್ಟು ಲೆಕ್ಕ ಹಾಕಿ, ಮಿಕ್ಕಿದ್ದನ್ನೆಲ್ಲ ಮನೆಗೆ ತೆಗೆದುಕೊಂಡು ಹೋಗಿದ್ದೆ. ಕೈಸಾಲ ಮಾಡಿ ಮೋಟಾರ್ ತರುವಷ್ಟರಲ್ಲಿ ಹನ್ನೊಂದು ದಿನ ಮಿಲ್ ನಿಂತಿತ್ತು, ಗಿರಾಕಿಗಳು ಬೇರೆ ಕಡೆ ಹೋದರು. ಹಾಗಾಗಿ 5,715 ಅನ್ನುವುದು ಉಸಿರು ಹಿಡಿದಿರುವ ಮಟ್ಟ ಮಾತ್ರ. ಅದರ ಮೇಲೆ ಮಾರಿದ ಮೊದಲ 170 ಪ್ಯಾಕೆಟ್‌ನ ದುಡ್ಡು, ಅಂದರೆ ಸುಮಾರು 2,000, ಮಷೀನಿನ ಹೆಸರಲ್ಲಿ ಬೇರೆ ಖಾತೆಗೆ ಹಾಕಿ. ನಿಮ್ಮದರಲ್ಲೂ ಹೀಟರ್, ಬೆಲ್ಟ್, ಬೇರಿಂಗ್ ಒಂದಲ್ಲ ಒಂದು ದಿನ ಹೋಗೇ ಹೋಗುತ್ತದೆ. ಸಾಲ ತೀರಿದ ಮೇಲೆ ಬಡ್ಡಿಯೂ ಇಲ್ಲ, ಅಸಲೂ ಇಲ್ಲ, ನಿಮಗೆ ಬೇಕಾಗುವುದು 4,417 ಪ್ಯಾಕೆಟ್ ಮಾತ್ರ. ಆಗ ಮಿಗುವ ದುಡ್ಡು ಮುಂದಿನ ಮಷೀನಿನದ್ದು.

ಕೊನೆಗೆ ಈ ಲೆಕ್ಕ ನಿಮ್ಮ ಯೂನಿಟ್‌ಗೆ ಹೊಂದುತ್ತಾ ಅಂತ ನೋಡುವುದು ಹೇಗೆ. ತಿಂಗಳ 1ನೇ ತಾರೀಖು ಬೆಳಿಗ್ಗೆ ಬ್ಯಾಂಕಿನಲ್ಲಿರುವುದು, ಗಲ್ಲಾದಲ್ಲಿರುವುದು ಎರಡನ್ನೂ ಕೂಡಿಸಿ ಬರೆದಿಡಿ. ಮುಂದಿನ ತಿಂಗಳ 1ಕ್ಕೆ ಮತ್ತೆ ಕೂಡಿಸಿ. 2,500ರ ಆಸುಪಾಸು ಇಳಿದಿದ್ದರೆ ಮೇಲಿನ ಲೆಕ್ಕ ಸರಿ. ಎಂಟು ಹತ್ತು ಸಾವಿರ ಇಳಿದಿದ್ದರೆ ಬೇರೆ ಎಲ್ಲೋ ಸೋರುತ್ತಿದೆ. ಮೊದಲು ಉದ್ರಿ ಪುಸ್ತಕ ನೋಡಿ, ಆಮೇಲೆ ಹಿಟ್ಟಿನ ಚೀಲ ಜಾಸ್ತಿ ತುಂಬಿಸಿದ್ದೀರಾ ನೋಡಿ, ಆಮೇಲೆ ವಾಪಸ್ ಬಂದ ಪ್ಯಾಕೆಟ್ ಎಣಿಸಿ. 100ಕ್ಕೆ 4 ವಾಪಸ್ ಬಂದು ಬಿಸಾಡುತ್ತಿದ್ದರೆ ಮಾರಿದ ಪ್ಯಾಕೆಟ್‌ಗೆ ಉಳಿಯುವುದು 12 ಅಲ್ಲ, 10 ರೂಪಾಯಿ 83 ಪೈಸೆ. 5,500 ಪ್ಯಾಕೆಟ್‌ಗೆ ಅದೇ ಸುಮಾರು 6,400 ರೂಪಾಯಿ ಆಗುತ್ತದೆ, ನಿಮ್ಮ ದುಡ್ಡಿನ ಬ್ರೇಕ್ ಈವನ್ 5,715ರಿಂದ 6,330ಕ್ಕೆ ಏರುತ್ತದೆ. ನೀವು ಹೇಳಿದ 28 ರೂಪಾಯಿಯಲ್ಲಿ ವಾಪಸ್ ಬಂದ ಮಾಲು ಸೇರಿದೆಯಾ? ಅದನ್ನು ನೋಡಿ ಇಲ್ಲೇ ಬರೆಯಿರಿ, ಲೆಕ್ಕ ತಿದ್ದಿ ಹೇಳುತ್ತೇನೆ.